ರಜೆ ಅಷ್ಟೇ, ದುಡ್ಡೂ ಅಷ್ಟೇ, ತೆರಿಗೆ ಮಾತ್ರ ಬೇರೆ: ಶಿವಮೊಗ್ಗ–ಭದ್ರಾವತಿ ನಡುವಿನ ಒಂದು ಲೆಕ್ಕ

ಇಬ್ಬರು ಅಪ್ಪಂದಿರನ್ನು ಕಲ್ಪಿಸಿಕೊಳ್ಳಿ. ಒಬ್ಬರು ಶಿವಮೊಗ್ಗದಲ್ಲಿ ರಾಜ್ಯ ಸರ್ಕಾರದ ಕಚೇರಿಯಲ್ಲಿದ್ದಾರೆ. ಇನ್ನೊಬ್ಬರು ಭದ್ರಾವತಿಯ ವಿಐಎಸ್‌ಎಲ್‌ನ ಕಾಯಂ ನೌಕರರು. ಇಬ್ಬರಿಗೂ ಒಂದೇ ತಿಂಗಳು ನಿವೃತ್ತಿ. ಇಬ್ಬರ ಖಾತೆಯಲ್ಲೂ 300 ದಿನದ ಗಳಿಕೆ ರಜೆ ಉಳಿದಿದೆ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಇಬ್ಬರಿಗೂ 1,20,000 ರೂಪಾಯಿ.

ಮೊತ್ತ ಹೇಗೆ ಬರುತ್ತೆ?

ರಾಜ್ಯ ಸರ್ಕಾರಿ ನೌಕರರಿಗೆ ಜನವರಿ 1 ಮತ್ತು ಜುಲೈ 1ಕ್ಕೆ ತಲಾ 15 ದಿನ ಗಳಿಕೆ ರಜೆ ಜಮಾ ಆಗುತ್ತೆ. ಬಳಸದೆ ಉಳಿದದ್ದು ಸೇರುತ್ತಾ ಹೋಗುತ್ತೆ, ಆದರೆ ನಗದಾಗೋದು 300 ದಿನದವರೆಗೆ ಮಾತ್ರ. ಲೆಕ್ಕ ಸರಳ: ಕೊನೆಯ ಮೂಲ ವೇತನಕ್ಕೆ ತುಟ್ಟಿಭತ್ಯೆ ಕೂಡಿಸಿ, 30ರಿಂದ ಭಾಗಿಸಿ, ಉಳಿದ ದಿನಗಳಿಂದ ಗುಣಿಸಬೇಕು. ಮನೆ ಬಾಡಿಗೆ ಭತ್ಯೆ ಇದರಲ್ಲಿ ಸೇರಲ್ಲ. ನಮ್ಮ ಉದಾಹರಣೆಯಲ್ಲಿ ದಿನಕ್ಕೆ 4,000, ಅಂದರೆ 12 ಲಕ್ಷ ರೂಪಾಯಿ. ಕಂಪನಿಗಳಲ್ಲಿ ಆಯಾ ಸಂಸ್ಥೆಯ ರಜೆ ನಿಯಮ ನಡೆಯುತ್ತೆ. ಹೋಲಿಕೆಗಾಗಿ ಭದ್ರಾವತಿಯವರಿಗೂ ಇದೇ 12 ಲಕ್ಷ ಸಿಕ್ಕಿತು ಅಂದ್ಕೊಳ್ಳೋಣ.

ತೆರಿಗೆಯಲ್ಲಿ ದಾರಿ ಕವಲೊಡೆಯುತ್ತೆ

1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(10AA) ನಿವೃತ್ತರನ್ನು ಎರಡು ಗುಂಪು ಮಾಡಿತು. ಕೇಂದ್ರ ಅಥವಾ ರಾಜ್ಯ ಸರ್ಕಾರದ ನೌಕರರಿಗೆ ಪೂರ್ತಿ ವಿನಾಯಿತಿ, ಮಿತಿಯೇ ಇಲ್ಲ. ಉಳಿದವರಿಗೆಲ್ಲ ಮಿತಿ ಇದೆ. ವಿಐಎಸ್‌ಎಲ್ ಕೇಂದ್ರ ಸರ್ಕಾರಿ ಸ್ವಾಮ್ಯದ ಸೈಲ್‌ಗೆ ಸೇರಿದ್ದರೂ ತೆರಿಗೆ ಕಾನೂನಿನ ಕಣ್ಣಲ್ಲಿ ಅದೊಂದು ಕಂಪನಿ. ಮಾಲೀಕ ಸರ್ಕಾರವೇ ಆದರೂ ನೌಕರ ‘ಸರ್ಕಾರಿ ನೌಕರ’ ಆಗಲ್ಲ. ರಾಜ್ಯ ಸರ್ಕಾರದ ಒಡೆತನದ ಎಂಪಿಎಂಗೂ ಇದೇ ಮಾತು.

ಈ ಎರಡನೇ ಗುಂಪಿಗೆ ನಾಲ್ಕು ಮೊತ್ತ ಹಾಕಿ ನೋಡಬೇಕು. ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ:

1. ಕೈಗೆ ಬಂದ ಮೊತ್ತ: 12,00,000.
2. ಕೊನೆಯ 10 ತಿಂಗಳ ಸರಾಸರಿ ವೇತನದ 10 ಪಟ್ಟು. ಮೊದಲ 5 ತಿಂಗಳು 1,12,000, ಆಮೇಲೆ ಏರಿಕೆಯಾಗಿ 5 ತಿಂಗಳು 1,20,000 ಇತ್ತು ಅನ್ನಿ. ಸರಾಸರಿ 1,16,000, ಹತ್ತು ಪಟ್ಟು 11,60,000.
3. ಉಳಿದ ರಜೆಯ ಮೌಲ್ಯ, ಇದೇ ಸರಾಸರಿಯಲ್ಲಿ. ಪೂರ್ಣಗೊಂಡ ಪ್ರತಿ ಸೇವಾ ವರ್ಷಕ್ಕೆ 30 ದಿನಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಇಲ್ಲಿ 300 ದಿನ ಅಂದರೆ 10 ತಿಂಗಳು: 11,60,000.
4. ಸರ್ಕಾರ ನಿಗದಿ ಮಾಡಿದ ಮಿತಿ: 25,00,000.

ಕಡಿಮೆ ಇರೋದು 11,60,000. ಉಳಿದ 40,000ಕ್ಕೆ ತೆರಿಗೆ. ಶಿವಮೊಗ್ಗದವರಿಗೆ ತೆರಿಗೆ ಸೊನ್ನೆ.

ಎಷ್ಟೋ ಮನೆಗಳಲ್ಲಿ ಎಡವೋದು ಇಲ್ಲೇ. ‘25 ಲಕ್ಷದ ಒಳಗಿದೆ, ಪೂರ್ತಿ ಮಾಫಿ’ ಅಂತ ರಿಟರ್ನ್ಸ್ ತುಂಬ್ತಾರೆ. ಕಂಪನಿ ಹಣ ಕೊಡೋದು ಕೊನೆಯ ವೇತನದ ಮೇಲೆ, ವಿನಾಯಿತಿ ಸಿಗೋದು ಹತ್ತು ತಿಂಗಳ ಸರಾಸರಿಯ ಮೇಲೆ. ನಿವೃತ್ತಿಗೆ ಸ್ವಲ್ಪ ಮುಂಚೆ ವೇತನ ಏರಿದ್ದರೆ ಆ ವ್ಯತ್ಯಾಸ ತೆರಿಗೆಗೆ ಬೀಳುತ್ತೆ. ಹತ್ತು ತಿಂಗಳ ಸಂಬಳದ ಚೀಟಿ ತೆಗೆದು ಫಾರ್ಮ್ 16ರ ಅಂಕಿಯ ಜೊತೆ ಹೋಲಿಸಿದರೆ ಗೊತ್ತಾಗುತ್ತೆ.

25 ಲಕ್ಷ ಮೊದಲಿಂದ ಇರಲಿಲ್ಲ

ಈ ಮಿತಿ ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಿಂದ. ಅದಕ್ಕೆ ಮುಂಚೆ ಬರೀ 3 ಲಕ್ಷ. 2002ರಲ್ಲಿ ಹಾಕಿದ ಆ ಮಿತಿ ಎರಡು ದಶಕ ಕದಲಲಿಲ್ಲ. ನಮ್ಮ ಉದಾಹರಣೆಯ ಭದ್ರಾವತಿಯವರು 2022ರಲ್ಲಿ ನಿವೃತ್ತರಾಗಿದ್ದರೆ 9 ಲಕ್ಷಕ್ಕೆ ತೆರಿಗೆ. ಅದೆಲ್ಲ ಶೇ 30ರ ಹಂತದಲ್ಲಿ ಬಿದ್ದರೆ ಸೆಸ್ ಸೇರಿ 2,80,800 ರೂಪಾಯಿ. ಪಕ್ಕದೂರಿನ ಸರ್ಕಾರಿ ನೌಕರರಿಗೆ ಆಗಲೂ ಸೊನ್ನೆ.

ನೆನಪಿಡಬೇಕಾದ್ದು

25 ಲಕ್ಷ ಅನ್ನೋದು ಜೀವಮಾನದ ಮಿತಿ. ಹಿಂದಿನ ಕೆಲಸ ಬಿಟ್ಟಾಗ ಪಡೆದ ವಿನಾಯಿತಿಯನ್ನು ಅದರಿಂದ ಕಳೆಯಬೇಕು. ಸೇವೆಯಲ್ಲಿರುವಾಗಲೇ ರಜೆ ನಗದು ಮಾಡಿಕೊಂಡರೆ ಸರ್ಕಾರಿ ನೌಕರರಿಗೂ ತೆರಿಗೆ ಇದೆ. ನೌಕರ ತೀರಿಕೊಂಡು ವಾರಸುದಾರರಿಗೆ ಬಂದ ರಜೆ ಹಣಕ್ಕೆ ತೆರಿಗೆ ಇಲ್ಲ. ನಿವೃತ್ತಿಯ ಈ ವಿನಾಯಿತಿ ಹಳೇ, ಹೊಸ ಎರಡೂ ತೆರಿಗೆ ಪದ್ಧತಿಯಲ್ಲಿ ಸಿಗುತ್ತೆ.

ಈ ಲೆಕ್ಕದಲ್ಲಿ ಕಾಣದ ಮೂರನೆಯವರೂ ಇದ್ದಾರೆ: ಕಾರ್ಖಾನೆಯ ಗುತ್ತಿಗೆ ಕಾರ್ಮಿಕರು. ಕಾನೂನು ಕೊಡುವ ಕನಿಷ್ಠ ರಜೆ 20 ದಿನದ ಕೆಲಸಕ್ಕೆ 1 ದಿನ, ಮುಂದಿನ ವರ್ಷಕ್ಕೆ ಒಯ್ಯಬಹುದಾದದ್ದು ಸಾಮಾನ್ಯವಾಗಿ 30 ದಿನ. ಕನಿಷ್ಠದಷ್ಟೇ ಸಿಕ್ಕವರಿಗೆ 300 ದಿನ ಸೇರೋದೇ ಇಲ್ಲ. 25 ಲಕ್ಷದ ಮಿತಿ ಏರಿತು ಅನ್ನೋ ಸುದ್ದಿ ಅವರ ಮನೆಗೆ ಬರೀ ಸುದ್ದಿ.