ಆಂಪೇರನ ಹೆಸರಿನ ಪ್ರದಕ್ಷಿಣನಿಯಮ: ಒಂದು ಕರ್ತೃತ್ವವಿಚಾರ

ಯಾರೋ ರಚಿಸಿದ ಸುಭಾಷಿತವು ಕಾಲಾಂತರದಲ್ಲಿ ಭರ್ತೃಹರಿಯ ಹೆಸರಿಗೆ ಸೇರಿಹೋಗುವುದು ನಮ್ಮ ವಾಙ್ಮಯದಲ್ಲಿ ವಿರಳವಲ್ಲ. ಭೌತವಿಜ್ಞಾನದಲ್ಲಿಯೂ ಇಂತಹುದೇ ಒಂದು ಪ್ರಸಂಗವುಂಟು. ವಿದ್ಯುತ್ಪ್ರವಾಹದ ಸುತ್ತಲಿನ ಕಾಂತಕ್ಷೇತ್ರವನ್ನು ಕುರಿತು ಪಠ್ಯಗ್ರಂಥಗಳಲ್ಲೆಲ್ಲ 'ಆಂಪೇರನ ಪರಿಪಥನಿಯಮ' ಎಂದು ಹೇಳುವ ಸೂತ್ರವು ಆಂಪೇರನ ಬರಹಗಳಲ್ಲಿ ಆ ರೂಪದಲ್ಲಿ ದೊರೆಯುವುದಿಲ್ಲ. ಅದು ಯಾರದು, ಆಂಪೇರನಿಗೆ ಸಲ್ಲತಕ್ಕದ್ದೇನು ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

1820ನೆಯ ವಸಂತದಲ್ಲಿ ಕೋಪನ್‌ಹೇಗನ್ ನಗರದ ಪ್ರಾಧ್ಯಾಪಕನಾದ ಅರ್‌ಸ್ಟೆಡನು ವಿದ್ಯುತ್ತು ಹರಿಯುವ ತಂತಿಯ ಸಮೀಪದಲ್ಲಿ ದಿಕ್ಸೂಚಿಯ ಮುಳ್ಳು ಚಲಿಸುವುದನ್ನು ಕಂಡನು. ಅದೇ ವರ್ಷ ಜುಲೈ 21ರಂದು ಆ ಸಂಗತಿಯನ್ನು ಯೂರೋಪಿನ ಪಂಡಿತಭಾಷೆಯಾಗಿದ್ದ ಲ್ಯಾಟಿನ್ನಿನಲ್ಲಿ ಬರೆದು ಪ್ರಕಟಿಸಿದನು. ಮುಳ್ಳನ್ನು ತಂತಿಯ ಕೆಳಗಿಟ್ಟರೆ ಒಂದು ಕಡೆಗೂ ಮೇಲಿಟ್ಟರೆ ಅದಕ್ಕೆ ವಿರುದ್ಧವಾದ ಕಡೆಗೂ ತಿರುಗುತ್ತಿತ್ತು. ಅದುವರೆಗೆ ತಿಳಿದಿದ್ದ ಬಲಗಳೆಲ್ಲವೂ ಸೆಳೆಯುವಂಥವು ಅಥವಾ ನೂಕುವಂಥವು. ಈ ಬಲವಾದರೋ ತಂತಿಯನ್ನು ಪ್ರದಕ್ಷಿಣೆ ಮಾಡುವಂತೆ ವೃತ್ತಾಕಾರವಾಗಿತ್ತು. ಅರ್‌ಸ್ಟೆಡನು ಇದನ್ನು ಸ್ಪಷ್ಟವಾಗಿಯೇ ಹೇಳಿದ್ದಾನೆ. ಆದರೆ ಅಳತೆಯನ್ನು ಮಾತ್ರ ಕೊಡಲಿಲ್ಲ.

ಅಳತೆಯು ಪ್ಯಾರಿಸ್ಸಿನಲ್ಲಿ ನಡೆಯಿತು. ಬಿಯೋ ಮತ್ತು ಸಾವಾರ್ ಎಂಬ ಇಬ್ಬರು ಚಿಕ್ಕದೊಂದು ಕಾಂತದ ಮುಳ್ಳನ್ನು ರೇಷ್ಮೆಯ ಎಳೆಯಿಂದ ತೂಗಹಾಕಿ, ಭೂಮಿಯ ಕಾಂತಬಲವನ್ನು ಮತ್ತೊಂದು ಅಯಸ್ಕಾಂತದಿಂದ ಅಡಗಿಸಿ, ನೆಟ್ಟಗೆ ನಿಲ್ಲಿಸಿದ ಉದ್ದವಾದ ತಂತಿಯಿಂದ ಬೇರೆಬೇರೆ ದೂರಗಳಲ್ಲಿ ಆ ಮುಳ್ಳು ಒಮ್ಮೆ ತೂಗಾಡಲು ಹಿಡಿಯುವ ಕಾಲವನ್ನು ಎಣಿಸಿದರು. ಬಲವು ಈ ಕಾಲದ ವರ್ಗಕ್ಕೆ ವಿಲೋಮವಾಗಿರುತ್ತದೆ. ದೂರವು ಇಮ್ಮಡಿಯಾದಾಗ ಬಲವು ಅರ್ಧವಾಯಿತೆಂದು ಕಂಡುಬಂದಿತು. ಈ ಫಲಿತಾಂಶವನ್ನು ಅವರು 1820ನೆಯ ಅಕ್ಟೋಬರ್ 30ರಂದು ಅಕಾಡೆಮಿಯಲ್ಲಿ ನಿವೇದಿಸಿದರು.

ದೂರವು ಇಮ್ಮಡಿಯಾದರೆ ಆ ದೂರದಲ್ಲಿ ತಂತಿಯನ್ನು ಸುತ್ತುವ ವೃತ್ತದ ಪರಿಧಿಯೂ ಇಮ್ಮಡಿಯಾಗುವುದಷ್ಟೆ. ಹಾಗಾದರೆ ಕ್ಷೇತ್ರವನ್ನು ಪರಿಧಿಯಿಂದ ಗುಣಿಸಿದ ಲಬ್ಧವು ಎಲ್ಲ ವೃತ್ತಗಳಿಗೂ ಒಂದೇ ಆಗಿರಬೇಕು. ನಿಯಮದ ಬೀಜವು ಇಲ್ಲಿಯೇ ಇದ್ದರೂ ಆಗ ಯಾರೂ ಇದನ್ನು ಹೆಕ್ಕಿ ತೆಗೆಯಲಿಲ್ಲ. ಆಂಪೇರನ ಮಾರ್ಗವೇ ಬೇರೆಯಾಗಿತ್ತು. ಸೆಪ್ಟೆಂಬರ್ 18ರಿಂದ ಮೊದಲುಮಾಡಿ ಅವನು ಅಕಾಡೆಮಿಯಲ್ಲಿ ಓದಿದ ಲೇಖನಗಳಲ್ಲಿಯೂ, 1826ರ ಅವನ ಮಹಾಗ್ರಂಥದಲ್ಲಿಯೂ ಚರ್ಚಿತವಾಗಿರುವುದು ಒಂದು ತಂತಿಯ ತುಣುಕಿಗೂ ಮತ್ತೊಂದು ತಂತಿಯ ತುಣುಕಿಗೂ ನಡುವಣ ಬಲ. ಆ ಬಲವು ಎರಡು ತುಣುಕುಗಳನ್ನು ಸೇರಿಸುವ ಸರಳರೇಖೆಯಲ್ಲಿಯೇ ಇರಬೇಕೆಂಬುದು ನ್ಯೂಟನ್ನಿನ ಸಂಪ್ರದಾಯದಲ್ಲಿ ಬಂದ ಅವನ ಪ್ರತಿಜ್ಞೆ. ಶೂನ್ಯಸ್ಥಳದಲ್ಲಿ ಹರಡಿರುವ 'ಕ್ಷೇತ್ರ'ವೆಂಬ ಪದಾರ್ಥವೇ ಅವನ ಶಾಸ್ತ್ರದಲ್ಲಿಲ್ಲ. ಕ್ಷೇತ್ರವಿಲ್ಲದೆ ಕ್ಷೇತ್ರದ ಪರಿಪಥವೆಲ್ಲಿಯದು?

ಆ ಸೂತ್ರವನ್ನು ಮೊದಲು ಬರೆದವನು ಮ್ಯಾಕ್ಸ್‌ವೆಲ್. ಫ್ಯಾರಡೆಯ ಬಲರೇಖೆಗಳನ್ನು ಕುರಿತು 1855ರ ಡಿಸೆಂಬರಿನಲ್ಲಿಯೂ 1856ರ ಫೆಬ್ರವರಿಯಲ್ಲಿಯೂ ಕೇಂಬ್ರಿಜ್ಜಿನಲ್ಲಿ ಅವನು ಓದಿದ ಪ್ರಬಂಧದಲ್ಲಿ ಇದು ಕಂಡುಬರುತ್ತದೆ. ಆಂಪೇರನು 1836ರಲ್ಲಿಯೇ ತೀರಿಕೊಂಡಿದ್ದನು. ಸೂತ್ರದ ತಾತ್ಪರ್ಯವಿದು: ಹೊರಟ ಸ್ಥಳಕ್ಕೇ ಹಿಂದಿರುಗುವ ಯಾವುದಾದರೊಂದು ದಾರಿಯಲ್ಲಿ ನಡೆದು, ಹೆಜ್ಜೆಹೆಜ್ಜೆಗೂ ನಡೆಯುವ ದಿಕ್ಕಿನಲ್ಲಿರುವ ಕ್ಷೇತ್ರವನ್ನು ಆ ಹೆಜ್ಜೆಯ ಉದ್ದದಿಂದ ಗುಣಿಸಿ ಕೂಡುತ್ತ ಹೋದರೆ, ಒಟ್ಟು ಮೊತ್ತವು ಆ ದಾರಿಯು ಬಳಸಿಕೊಂಡಿರುವ ಪ್ರವಾಹಕ್ಕೆ ಅನುಗುಣವಾಗಿರುತ್ತದೆ. ದಾರಿಯು ವೃತ್ತವೇ ಆಗಬೇಕಾಗಿಲ್ಲ. ತಂತಿಯಿಂದ ದೂರ ಸರಿದು ನಡೆದರೆ ಹಾದಿಯು ಎಷ್ಟು ಪಾಲು ಹೆಚ್ಚುವುದೋ ಕ್ಷೇತ್ರವು ಅಷ್ಟೇ ಪಾಲು ಕುಗ್ಗುವುದು. ಸರಿಯುವ ಹೆಜ್ಜೆಯಾದರೋ ಕ್ಷೇತ್ರಕ್ಕೆ ಅಡ್ಡವಾದುದರಿಂದ ಲೆಕ್ಕಕ್ಕೆ ಬಾರದು. ತಂತಿಯನ್ನು ಒಳಗೊಳ್ಳದ ದಾರಿಯಲ್ಲಿ ಹೋಗುವಾಗ ಕೂಡಿದ್ದು ಬರುವಾಗ ಕಳೆದುಹೋಗಿ ಶೂನ್ಯವೇ ಉಳಿಯುತ್ತದೆ. ಇದನ್ನು ಪ್ರದಕ್ಷಿಣನಿಯಮವೆಂದು ಕರೆದರೆ ತಪ್ಪಾಗಲಾರದು.

ಉದಾಹರಣೆಗೆ, ಕ್ಷೇತ್ರವನ್ನು ಗೌಸ್‌ಗಳಲ್ಲಿಯೂ ದಾರಿಯನ್ನು ಸೆಂಟಿಮೀಟರುಗಳಲ್ಲಿಯೂ ಅಳೆದರೆ ಪ್ರದಕ್ಷಿಣೆಯ ಮೊತ್ತವು ಆಂಪಿಯರೊಂದಕ್ಕೆ 1.257 ಆಗುತ್ತದೆ. ತಂತಿಯಲ್ಲಿ 10 ಆಂಪಿಯರ್ ಹರಿಯುತ್ತಿರಲಿ. 5 ಸೆಂಟಿಮೀಟರ್ ದೂರದ ವೃತ್ತದ ಪರಿಧಿ 31.4, 12.57ನ್ನು 31.4ರಿಂದ ಭಾಗಿಸಲು 0.4 ಗೌಸ್ ಬರುತ್ತದೆ. ನಮ್ಮ ಕನ್ನಡನಾಡಿನಲ್ಲಿ ಭೂಮಿಯ ಕಾಂತಕ್ಷೇತ್ರದ ಸಮತಲಭಾಗವೂ ಹೆಚ್ಚುಕಡಮೆ ಇಷ್ಟೇ. ಆದುದರಿಂದ ತಂತಿಯನ್ನು ದಕ್ಷಿಣೋತ್ತರವಾಗಿ ಎಳೆದು ಅದರ ಕೆಳಗೆ 5 ಸೆಂಟಿಮೀಟರಿನಲ್ಲಿ ದಿಕ್ಸೂಚಿಯನ್ನಿಟ್ಟರೆ ಮುಳ್ಳು ಸುಮಾರು 45 ಅಂಶ ತಿರುಗಬೇಕು. 10 ಸೆಂಟಿಮೀಟರಿಗೆ ಇಳಿಸಿದರೆ 22½ ಅಂಶಕ್ಕೆ ಬಾರದು, 27 ಅಂಶದ ಸಮೀಪದಲ್ಲಿ ನಿಲ್ಲುವುದು; ಅರ್ಧವಾಗುವುದು ಕ್ಷೇತ್ರವೇ ಹೊರತು ಕೋನವಲ್ಲ. ತಂತಿಯನ್ನು ಪೂರ್ವಪಶ್ಚಿಮವಾಗಿ ಎಳೆದರೆ ಅದರ ಕ್ಷೇತ್ರವು ಭೂಮಿಯದರೊಡನೆ ಒಂದೇ ರೇಖೆಯಲ್ಲಿ ಬೀಳುವುದರಿಂದ ಮುಳ್ಳು ಕದಲದೆಯೂ ಇರಬಹುದು. ಇದನ್ನರಿಯದೆ ಪ್ರಯೋಗಮಾಡುವವನು ವಿದ್ಯುತ್ತೇ ಇಲ್ಲವೆಂದು ಭ್ರಮಿಸುವ ಸಂಭವವುಂಟು.

ಇನ್ನು ಸೊಲೆನಾಯ್ಡಿನ ವಿಚಾರ. ನಾಳವೆಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರನ್ನು ನಿರ್ಮಿಸಿದವನು ಆಂಪೇರನೇ, ನಾವು ಸುರುಳಿನಾಳವೆನ್ನೋಣ. 50 ಸೆಂಟಿಮೀಟರ್ ಉದ್ದದ ಕೊಳವೆಯ ಮೇಲೆ 500 ಸುತ್ತು ತಂತಿಯನ್ನು ಒತ್ತಾಗಿ ಸುತ್ತಿ 2 ಆಂಪಿಯರ್ ಹರಿಸಿದೆವೆನ್ನಿ. ಒಂದು ಬದಿಯು ಕೊಳವೆಯ ಒಳಗೆ, ಎದುರುಬದಿಯು ಹೊರಗೆ, ಎರಡೂ ಕೊಳವೆಗೆ ಸಮಾನಾಂತರವಾಗಿರುವಂತೆ ಒಂದು ಆಯತವನ್ನು ಕಲ್ಪಿಸಿಕೊಳ್ಳಬೇಕು. ನಾಳವು ಬಹಳ ಉದ್ದವಾಗಿದ್ದರೆ ಹೊರಗೆ ಅಕ್ಷದ ದಿಕ್ಕಿನ ಕ್ಷೇತ್ರವಿರದು. ಅಡ್ಡಬದಿಗಳು ಕ್ಷೇತ್ರಕ್ಕೆ ಲಂಬವಾದುವು. ಲೆಕ್ಕಕ್ಕೆ ಉಳಿಯುವುದು ಒಳಬದಿಯೊಂದೇ. ಅದರ ಪ್ರತಿ ಸೆಂಟಿಮೀಟರಿಗೂ ಆಯತವು 10 ತಂತಿಗಳನ್ನು, ಎಂದರೆ 20 ಆಂಪಿಯರನ್ನು, ಬಳಸಿಕೊಳ್ಳುತ್ತದೆ. ಆದುದರಿಂದ ಒಳಗಣ ಕ್ಷೇತ್ರವು 25 ಗೌಸ್. ಒಳಬದಿಯನ್ನು ಅಕ್ಷದ ಮೇಲಿಟ್ಟರೂ ಗೋಡೆಯ ಬಳಿ ಇಟ್ಟರೂ ಲೆಕ್ಕವು ಬದಲಾಗದು. ಕ್ಷೇತ್ರವು ಒಳಗೆಲ್ಲ ಸಮವೆಂಬುದಕ್ಕೆ ಇದೇ ಪ್ರಮಾಣ.

ಆದರೆ ಸುರುಳಿಯು ಬಳೆಗಳ ಸಾಲಲ್ಲ. ತಂತಿಯು ಸುತ್ತುತ್ತಲೇ ಕೊಳವೆಯ ಒಂದು ತುದಿಯಿಂದ ಮತ್ತೊಂದು ತುದಿಗೆ ಸಾಗುವುದರಿಂದ, ಕೊಳವೆಯ ಹೊರಗೆ ಅದನ್ನು ಬಳಸಿ ಪ್ರದಕ್ಷಿಣೆಮಾಡಿದರೆ ಆ 2 ಆಂಪಿಯರ್ ಒಳಗೊಂಡೇ ಇರುತ್ತದೆ. ಅಕ್ಷದಿಂದ 5 ಸೆಂಟಿಮೀಟರ್ ದೂರದಲ್ಲಿ 0.08 ಗೌಸಿನಷ್ಟು ವೃತ್ತಾಕಾರದ ಕ್ಷೇತ್ರವು ನೇರವಾದ ತಂತಿಯದರಂತೆಯೇ ಉಳಿಯುತ್ತದೆ. ಆಂಪೇರನ ಪ್ರತಿಭೆಯು ಇಲ್ಲಿ ಪ್ರಕಟವಾಗುತ್ತದೆ. ಈ ನಿಯಮವು ಹುಟ್ಟುವ ಮೊದಲೇ ಅವನು ಈ ದೋಷವನ್ನು ಗುರುತಿಸಿ, ಸುರುಳಿಯ ತಂತಿಯ ತುದಿಯನ್ನು ಅಕ್ಷದ ಮೂಲಕ ಹಿಂದಕ್ಕೆ ತಂದನು. ಹೋಗುವ ಪ್ರವಾಹವನ್ನು ಬರುವ ಪ್ರವಾಹವು ಕಳೆದುಬಿಟ್ಟಿತು. ಸೂತ್ರವು ಅವನದಲ್ಲದಿದ್ದರೂ ಸೂತ್ರದ ಹೃದಯವು ಅವನ ಕೈಗೆ ಗೊತ್ತಿತ್ತೆಂದು ನನ್ನ ಅಭಿಪ್ರಾಯ.

ನಿಯಮದ ವ್ಯಾಪ್ತಿಯನ್ನೂ ಗಮನಿಸಬೇಕು. ಮೇಲಿನ ಕೊಳವೆಯ ವ್ಯಾಸವು 5 ಸೆಂಟಿಮೀಟರಾದರೆ ನಡುವೆ ಕ್ಷೇತ್ರವು ಶೇಕಡ ಅರ್ಧದಷ್ಟು ಮಾತ್ರ ಕಡಮೆ. ತುದಿಯಲ್ಲಿ ಅಕ್ಷದ ಮೇಲೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಉದ್ದವೂ ವ್ಯಾಸವೂ ಸಮವಾಗಿರುವ ಕುಳ್ಳು ಸುರುಳಿಯಲ್ಲಾದರೋ ನಡುವೆಯೇ ಶೇಕಡ 71ರಷ್ಟು ಮಾತ್ರ ದೊರೆಯುತ್ತದೆ. ಅಲ್ಲಿಯೂ ನಿಯಮವು ಸುಳ್ಳಾಗುವುದಿಲ್ಲ, ಮೊತ್ತವು ಸರಿಯಾಗಿಯೇ ಇರುತ್ತದೆ. ಆದರೆ ಯಾವ ಹೆಜ್ಜೆಗೆ ಎಷ್ಟು ಪಾಲೆಂದು ಹಂಚಲು ಬೇಕಾದ ಸಮರೂಪತೆ ಇಲ್ಲದೆ ಹೋಗುತ್ತದೆ. ಇದಲ್ಲದೆ ಪ್ರವಾಹವು ಎಲ್ಲಿಯೂ ಕಡಿಯದೆ ಏಕರೀತಿಯಾಗಿ ಹರಿಯುತ್ತಿರಬೇಕು. ತಂತಿಯ ನಡುವೆ ಎರಡು ಲೋಹದ ತಗಡುಗಳನ್ನು ಎದುರುಬದುರಾಗಿಟ್ಟು ವಿದ್ಯುತ್ತನ್ನು ತುಂಬುವಾಗ, ತಗಡುಗಳ ನಡುವಣ ತೆರವಿನಲ್ಲಿ ಪ್ರವಾಹವಿಲ್ಲ. ಪ್ರದಕ್ಷಿಣೆಯು ಪ್ರವಾಹವನ್ನು ಬಳಸಿತೋ ಇಲ್ಲವೋ ಎಂದು ಹೇಳುವಂತಿಲ್ಲ. ಮಾರ್ಪಡುತ್ತಿರುವ ವಿದ್ಯುತ್‌ಕ್ಷೇತ್ರವನ್ನೂ ಪ್ರವಾಹವೆಂದೆಣಿಸಿ ಮ್ಯಾಕ್ಸ್‌ವೆಲ್ಲನೇ 1861-62ರ ಲೇಖನಗಳಲ್ಲಿ ಈ ಕೊರತೆಯನ್ನು ತುಂಬಿದನು. ಆ ಹೆಚ್ಚಿನ ಪದವನ್ನು ಸೇರಿಸಿದ ಸೂತ್ರಕ್ಕೆ ಈಗ ಇಬ್ಬರ ಹೆಸರನ್ನೂ ಕೂಡಿಸಿ ಹೇಳುವುದುಂಟು. ಸೇರಿಸದ ಮೂಲಸೂತ್ರವು ಮಾತ್ರ ಇನ್ನೂ ಆಂಪೇರನೊಬ್ಬನ ಹೆಸರಿನಲ್ಲಿಯೇ ನಡೆಯುತ್ತಿದೆ.