ಹಾಲು ಉತ್ಪಾದಕರ ಸಹಕಾರ ಸಂಘದ ಮಹಾಸಭೆ: ಧ್ವನಿಮುದ್ರಣದಿಂದ ಸದಸ್ಯರಿಗೆ ಸಾರಾಂಶ ಸಿದ್ಧಪಡಿಸುವ ಕ್ರಮ

ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘವು ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕವನ್ನು ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆಯ ಮುಂದೆ ಇಡಬೇಕು. ಹಾಲು ಕರೆಯುವ ವೇಳೆ, ಹೊಲದ ಕೆಲಸ ಮುಂತಾದ ಕಾರಣಗಳಿಂದ ಅನೇಕ ಸದಸ್ಯರು ಸಭೆಗೆ ಬರಲಾಗುವುದಿಲ್ಲ. ಆದ್ದರಿಂದ ಕೆಲವು ಸಂಘಗಳು ಸಭೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಅದರ ಸಾರಾಂಶವನ್ನು ಸೂಚನಾ ಫಲಕದಲ್ಲಿ ಪ್ರಕಟಿಸುತ್ತವೆ. ಇಂತಹ ಸಾರಾಂಶವನ್ನು ಬರೆಯುವ ಕ್ರಮವನ್ನು, ಮುಖ್ಯವಾಗಿ ಬೋನಸ್ ಲೆಕ್ಕದಲ್ಲಿ ತಪ್ಪಾಗದಂತೆ ನೋಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಒಪ್ಪಿಗೆ, ಮಾಹಿತಿ, ನಿರ್ಣಯ

ಸಭೆಯಲ್ಲಿ ಲೆಕ್ಕಪತ್ರ, ಹಾಲಿನ ದರ ಮತ್ತು ಬೋನಸ್ ಒಂದರ ಹಿಂದೆ ಒಂದರಂತೆ ಚರ್ಚೆಗೆ ಬರುತ್ತವೆ. ಆದರೆ ಈ ಮೂರರ ಮೇಲೆ ಸಭೆಗೆ ಇರುವ ಅಧಿಕಾರ ಒಂದೇ ಬಗೆಯದಲ್ಲ. ಲೆಕ್ಕಪರಿಶೋಧನೆಯಾದ ಲೆಕ್ಕಪತ್ರಕ್ಕೆ ಸಭೆ ಒಪ್ಪಿಗೆ ನೀಡುತ್ತದೆ. ಹಾಲಿನ ಖರೀದಿ ದರವನ್ನು ಜಿಲ್ಲಾ ಹಾಲು ಒಕ್ಕೂಟವು ನಿಗದಿಪಡಿಸುವುದರಿಂದ ಅದು ಸಭೆಗೆ ಮಾಹಿತಿ ಮಾತ್ರ. ಲಾಭದ ವಿಲೇವಾರಿ ಮತ್ತು ಬೋನಸ್ ಮಾತ್ರ ಕಾಯ್ದೆ ಹಾಗೂ ಸಂಘದ ಉಪವಿಧಿಗಳ ಮಿತಿಯೊಳಗೆ ಸಭೆಯೇ ಕೈಗೊಳ್ಳುವ ನಿರ್ಣಯ. ಸಾರಾಂಶದಲ್ಲಿ ಪ್ರತಿ ವಿಷಯದ ಮುಂದೆ ಈ ಮೂರರಲ್ಲಿ ಯಾವುದೆಂದು ಬರೆಯಿರಿ. ಹಾಗೆ ಬರೆಯದಿದ್ದರೆ, 'ದರ ಹೆಚ್ಚಿಸಬೇಕು' ಎಂದು ಒಬ್ಬ ಸದಸ್ಯರು ಕೇಳಿದ್ದನ್ನೇ ಓದುಗರು ಸಂಘದ ತೀರ್ಮಾನವೆಂದು ತಿಳಿಯುತ್ತಾರೆ.

ಧ್ವನಿಮುದ್ರಣವನ್ನು ಆಲಿಸುವ ಮೊದಲು

ಲೆಕ್ಕಪರಿಶೋಧನಾ ವರದಿ, ಒಕ್ಕೂಟದ ದರ ಸುತ್ತೋಲೆ, ಸಂಘದ ಉಪವಿಧಿ ಮತ್ತು ನಡವಳಿ ಪುಸ್ತಕ, ಈ ನಾಲ್ಕನ್ನು ಎದುರಿಗಿಟ್ಟುಕೊಳ್ಳಿ. ಧ್ವನಿಮುದ್ರಣದಲ್ಲಿ ಗದ್ದಲದ ನಡುವೆ 'ಅರವತ್ತು' ಎಂಬುದು 'ಎಪ್ಪತ್ತು' ಎಂದು ಕೇಳಿಸಬಹುದು. ಆದ್ದರಿಂದ ಅಂಕಿಗಳನ್ನು ಕಿವಿಯಿಂದ ಬರೆದುಕೊಳ್ಳದೆ ವರದಿಯಿಂದ ತೆಗೆದುಕೊಳ್ಳಿ. ಯಾರು ಏನು ಕೇಳಿದರು, ಯಾವ ಉತ್ತರ ಬಂತು, ಕೊನೆಗೆ ಅಧ್ಯಕ್ಷರು ನಿರ್ಣಯವನ್ನು ಹೇಗೆ ಓದಿದರು ಎಂಬುದಕ್ಕೆ ಮಾತ್ರ ಧ್ವನಿಮುದ್ರಣವನ್ನು ಬಳಸಿರಿ. ಪ್ರತಿ ವಿಷಯ ಆರಂಭವಾಗುವ ನಿಮಿಷವನ್ನು ಗುರುತು ಹಾಕಿಕೊಂಡರೆ ಮರಳಿ ಪರಿಶೀಲಿಸುವುದು ಸುಲಭ.

ಒಂದು ಮಾದರಿ ಲೆಕ್ಕ

ಒಂದು ಮಾದರಿ ಸಂಘವು ವರ್ಷದಲ್ಲಿ ಸದಸ್ಯರಿಂದ 60,00,000 ರೂಪಾಯಿ ಮೌಲ್ಯದ ಹಾಲನ್ನು ಖರೀದಿಸಿದೆ ಎಂದುಕೊಳ್ಳೋಣ. ಒಕ್ಕೂಟಕ್ಕೆ ಕಳುಹಿಸಿದ ಹಾಲು, ಸ್ಥಳೀಯ ಮಾರಾಟ ಮತ್ತು ಮಾದರಿ ಹಾಲಿನ ಮಾರಾಟದಿಂದ 63,60,000 ರೂಪಾಯಿ ಬಂದಿದೆ. ಅಂದರೆ ಹಾಲಿನಲ್ಲಿ 3,60,000 ರೂಪಾಯಿ ವ್ಯಾಪಾರ ಲಾಭ. ಪಶು ಆಹಾರದ ಮಾರಾಟದಿಂದ 30,000 ರೂಪಾಯಿ ಸೇರಿ ಒಟ್ಟು 3,90,000 ರೂಪಾಯಿ. ಸಿಬ್ಬಂದಿ ವೇತನ, ಕಟ್ಟಡ ಬಾಡಿಗೆ, ವಿದ್ಯುತ್, ಹಾಲು ಪರೀಕ್ಷೆಯ ಸಾಮಗ್ರಿ ಮುಂತಾದ ವೆಚ್ಚ 2,30,000 ರೂಪಾಯಿ. ಉಳಿದ 1,60,000 ರೂಪಾಯಿಯೇ ನಿವ್ವಳ ಲಾಭ.

ಸಭೆಯಲ್ಲಿ ಕಾರ್ಯದರ್ಶಿಯವರು ವರದಿ ಓದುವಾಗ 'ಲಾಭ' ಎಂಬ ಪದ ಎರಡು ಬಾರಿ ಬರುತ್ತದೆ: ಮೊದಲು 3,90,000ಕ್ಕೆ, ಅನಂತರ 1,60,000ಕ್ಕೆ. ಸಾರಾಂಶದಲ್ಲಿ ಮೊದಲನೆಯದನ್ನು ಮಾತ್ರ ಬರೆದರೆ, 'ಸುಮಾರು ನಾಲ್ಕು ಲಕ್ಷ ಲಾಭವಿದ್ದರೂ ಇಷ್ಟು ಕಡಿಮೆ ಬೋನಸ್ಸೇ' ಎಂಬ ಸಂಶಯ ಊರಿನಲ್ಲಿ ಹಬ್ಬುತ್ತದೆ. ಆದ್ದರಿಂದ ಎರಡನ್ನೂ ಹೆಸರಿಸಿ, ನಡುವಿನ ವೆಚ್ಚವನ್ನೂ ತೋರಿಸಿರಿ.

ಬೋನಸ್ಸಿಗೆ ದೊರೆಯುವ ಹಣ ಎಷ್ಟು?

ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರಂತೆ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 25ನ್ನು ಕಾಯ್ದಿಟ್ಟ ನಿಧಿಗೆ ಸೇರಿಸಬೇಕು. ನಮ್ಮ ಲೆಕ್ಕದಲ್ಲಿ ಅದು 40,000 ರೂಪಾಯಿ. ಉಳಿಯುವ 1,20,000 ರೂಪಾಯಿಯನ್ನು ಉತ್ಪಾದಕರ ಬೋನಸ್, ಸಿಬ್ಬಂದಿ ಬೋನಸ್ ಮತ್ತು ಇತರ ನಿಧಿಗಳಿಗೆ ಹಂಚುವ ಪ್ರಮಾಣವನ್ನು ಉಪವಿಧಿಯಲ್ಲಿ ನೋಡಬೇಕು. ಈ ಸಂಘದ ಉಪವಿಧಿಯಲ್ಲಿ ಉತ್ಪಾದಕರ ಬೋನಸ್ಸಿಗೆ ಶೇ. 65 ಎಂದಿದ್ದರೆ ಅದು 78,000 ರೂಪಾಯಿ ಆಗುತ್ತದೆ.

ಈ ಮೊತ್ತವನ್ನು ಸದಸ್ಯರು ಹಾಕಿದ ಹಾಲಿನ ಮೌಲ್ಯಕ್ಕೆ ತಕ್ಕಂತೆ ಹಂಚಿದಾಗ, 60,00,000 ರೂಪಾಯಿಗೆ 78,000, ಅಂದರೆ ಪ್ರತಿ 100 ರೂಪಾಯಿ ಹಾಲಿಗೆ 1 ರೂಪಾಯಿ 30 ಪೈಸೆ. ವರ್ಷದಲ್ಲಿ 1,20,000 ರೂಪಾಯಿಯ ಹಾಲು ಹಾಕಿದ ಸದಸ್ಯರಿಗೆ 1,560 ರೂಪಾಯಿ ಬರುತ್ತದೆ. ಸಾರಾಂಶದಲ್ಲಿ 'ಬೋನಸ್ 1.30' ಎಂದಷ್ಟೇ ಬರೆಯಬೇಡಿ. ಅದನ್ನು ಲೀಟರಿಗೆ 1.30 ಎಂದು ಓದಿಕೊಂಡವರು, ಲೀಟರಿಗೆ 34 ರೂಪಾಯಿ ದರವಿದ್ದಲ್ಲಿ, ತಮಗೆ ಸಲ್ಲುವುದಕ್ಕಿಂತ ಸುಮಾರು ಮೂರು ಪಟ್ಟು ಹಣವನ್ನು ನಿರೀಕ್ಷಿಸುತ್ತಾರೆ.

ಚರ್ಚೆಯಲ್ಲಿ ಸದಸ್ಯರೊಬ್ಬರು '100ಕ್ಕೆ 2 ರೂಪಾಯಿ ಕೊಡಿ' ಎಂದು ಕೇಳಿದ್ದಾರೆ, ಅಧ್ಯಕ್ಷರು 'ನೋಡೋಣ' ಎಂದಿದ್ದಾರೆ ಎನ್ನಿ. ಇದು ನಿರ್ಣಯವಲ್ಲ. ಅಂಕಿಯಿಂದಲೂ ಇದನ್ನು ಪರೀಕ್ಷಿಸಬಹುದು: 100ಕ್ಕೆ 2 ರೂಪಾಯಿಯಂತೆ 1,20,000 ರೂಪಾಯಿ ಬೇಕಾಗುತ್ತದೆ. ಅಂದರೆ ಕಾಯ್ದಿಟ್ಟ ನಿಧಿ ಕಳೆದು ಉಳಿದ ಹಣವೆಲ್ಲವೂ ಬೋನಸ್ಸಿಗೇ ಹೋಗಿ, ಉಪವಿಧಿ ಹೇಳುವ ಇತರ ಬಾಬ್ತುಗಳಿಗೆ ಏನೂ ಉಳಿಯುವುದಿಲ್ಲ. ಧ್ವನಿಮುದ್ರಣದಲ್ಲಿ ಕೇಳಿದ ಬೋನಸ್ ದರವನ್ನು ಒಟ್ಟು ಹಾಲಿನ ಮೌಲ್ಯಕ್ಕೆ ಹಾಕಿ ನೋಡಿದಾಗ ಹಂಚಿಕೆಯ ಮೊತ್ತಕ್ಕೆ ಹೊಂದದಿದ್ದರೆ, ಎಲ್ಲೋ ತಪ್ಪಾಗಿದೆ ಎಂದು ತಿಳಿಯಿರಿ.

ಹಾಲಿನ ದರವನ್ನು ಬರೆಯುವಾಗ

ದರದ ಜೊತೆ ಮೂರು ವಿವರಗಳು ಇರಲೇಬೇಕು: ಅದು ಉತ್ಪಾದಕರಿಗೆ ನೀಡುವ ದರವೋ ಒಕ್ಕೂಟವು ಸಂಘಕ್ಕೆ ನೀಡುವ ದರವೋ ಎಂಬುದು, ಯಾವ ಜಿಡ್ಡಿನಾಂಶ ಮತ್ತು ಜಿಡ್ಡೇತರ ಘನಾಂಶಕ್ಕೆ ಅದು ಅನ್ವಯಿಸುತ್ತದೆ ಎಂಬುದು, ಮತ್ತು ಯಾವ ದಿನಾಂಕದಿಂದ ಜಾರಿ ಎಂಬುದು. 'ದರ 35 ರೂಪಾಯಿ' ಎಂದು ಓದಿದ ಸದಸ್ಯರ ಹಾಲು ಆ ಗುಣಮಟ್ಟಕ್ಕಿಂತ ಕೆಳಗಿದ್ದರೆ ಅವರಿಗೆ ಕಡಿಮೆ ಬಟವಾಡೆಯಾಗುತ್ತದೆ. ಕಾರಣ ತಿಳಿಯದೆ ಅವರು ಹಾಲು ಪರೀಕ್ಷಕರನ್ನು ಸಂಶಯಿಸುತ್ತಾರೆ. ರಾಜ್ಯ ಸರ್ಕಾರದ ಪ್ರೋತ್ಸಾಹಧನವನ್ನು ಈ ದರಕ್ಕೆ ಕೂಡಿಸಿ ತೋರಿಸಬಾರದು. ಅದು ಸಂಘದ ವ್ಯಾಪಾರದಿಂದ ಬರುವ ಹಣವಲ್ಲ, ಉತ್ಪಾದಕರ ಬ್ಯಾಂಕ್ ಖಾತೆಗೆ ಪ್ರತ್ಯೇಕವಾಗಿ ಜಮೆಯಾಗುತ್ತದೆ.

ಸಾರಾಂಶದ ಮಾದರಿ

1. ಲೆಕ್ಕಪತ್ರ (ಒಪ್ಪಿಗೆ): ವ್ಯಾಪಾರ ಲಾಭ 3,90,000 ರೂ., ವೆಚ್ಚ 2,30,000 ರೂ., ನಿವ್ವಳ ಲಾಭ 1,60,000 ರೂ. ಪಶು ಆಹಾರದ ಸಾಲ ಬಾಕಿಯ ಬಗ್ಗೆ ಒಂದು ಪ್ರಶ್ನೆ ಬಂದಿದ್ದು, ಬಾಕಿದಾರರ ಪಟ್ಟಿಯನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡುವುದಾಗಿ ಅಧ್ಯಕ್ಷರು ತಿಳಿಸಿದರು.

2. ಹಾಲಿನ ದರ (ಮಾಹಿತಿ): ಶೇ. 3.5 ಜಿಡ್ಡಿನಾಂಶ ಹಾಗೂ ಶೇ. 8.5 ಜಿಡ್ಡೇತರ ಘನಾಂಶವಿರುವ ಹಸುವಿನ ಹಾಲಿಗೆ ಉತ್ಪಾದಕರ ದರ ಲೀಟರಿಗೆ 34ರಿಂದ 35 ರೂ.ಗೆ ಏರಿಕೆ. ಮುಂದಿನ ತಿಂಗಳ 1ರ ಬೆಳಗಿನ ಹಾಲಿನಿಂದ ಅನ್ವಯ.

3. ಬೋನಸ್ (ನಿರ್ಣಯ): ಕಾಯ್ದಿಟ್ಟ ನಿಧಿಗೆ 40,000 ರೂ., ಉತ್ಪಾದಕರ ಬೋನಸ್ಸಿಗೆ 78,000 ರೂ., ಉಪವಿಧಿಯಂತೆ ಇತರ ಬಾಬ್ತುಗಳಿಗೆ 42,000 ರೂ. ಹಾಕಿದ ಪ್ರತಿ 100 ರೂ. ಮೌಲ್ಯದ ಹಾಲಿಗೆ 1.30 ರೂ. ಬೋನಸ್.

ಪ್ರಕಟಿಸುವ ಮೊದಲು

ಪ್ರತಿ ನಿರ್ಣಯದ ಮುಂದೆ ನಡವಳಿ ಪುಸ್ತಕದ ನಿರ್ಣಯ ಸಂಖ್ಯೆಯನ್ನು ನಮೂದಿಸಿರಿ. ಸಂಘದ ಅಧಿಕೃತ ದಾಖಲೆ ನಡವಳಿ ಪುಸ್ತಕವೇ ಹೊರತು ಧ್ವನಿಮುದ್ರಣವಲ್ಲ. ಎರಡರಲ್ಲಿ ವ್ಯತ್ಯಾಸ ಕಂಡರೆ ಯಾವುದನ್ನೂ ನೀವಾಗಿಯೇ ತಿದ್ದಬೇಡಿ. ಆ ಭಾಗದ ನಿಮಿಷವನ್ನು ಗುರುತಿಸಿ ಅಧ್ಯಕ್ಷರು ಮತ್ತು ಕಾರ್ಯದರ್ಶಿಯವರಿಗೆ ಕೇಳಿಸಿ, ಅವರು ನಿಯಮದಂತೆ ಸರಿಪಡಿಸಿದ ನಂತರವೇ ಪ್ರಕಟಿಸಿರಿ. ಬಾಕಿದಾರರ ಹೆಸರು ಮತ್ತು ಮನೆಯ ವಿಚಾರಗಳು ಧ್ವನಿಮುದ್ರಣದಲ್ಲಿದ್ದರೂ ಸಾರಾಂಶದಲ್ಲಿ ಬರಬಾರದು. ಕೊನೆಯದಾಗಿ, ಸಭೆಗೆ ಬಾರದ ಒಬ್ಬ ಸದಸ್ಯರ ಕೈಗೆ ಸಾರಾಂಶವನ್ನೂ ಅವರ ಹಾಲಿನ ಪಾಸ್ ಪುಸ್ತಕವನ್ನೂ ಕೊಟ್ಟು, ತಮ್ಮ ಬೋನಸ್ ಎಷ್ಟೆಂದು ಲೆಕ್ಕ ಹಾಕಲು ಹೇಳಿರಿ. ಅವರು ಹಾಕಿದ ಲೆಕ್ಕವು ಸಂಘದ ಬೋನಸ್ ಪಟ್ಟಿಗೆ ತಾಳೆಯಾದರೆ ಸಾರಾಂಶವನ್ನು ಫಲಕಕ್ಕೆ ಹಾಕಬಹುದು.