ಜ್ವರ ಇಳಿದ ಮೇಲಿನ ಎರಡು ವಾರ

1948ರಲ್ಲಿ ಅಮೆರಿಕದ ವೈದ್ಯರಾದ ಥಿಯೋಡರ್ ವುಡ್‌ವರ್ಡ್ ಮತ್ತು ಜೋಸೆಫ್ ಸ್ಮೇಡಲ್ ಅವರ ತಂಡ ಕ್ಲೋರಾಂಫೆನಿಕಾಲ್ ಎಂಬ ಹೊಸ ಔಷಧವನ್ನು ಹಿಡಿದು ಕ್ವಾಲಾಲಂಪುರಕ್ಕೆ ಹೋಯಿತು. ವೆನೆಜುವೆಲಾದ ಮಣ್ಣಿನ ಸೂಕ್ಷ್ಮಾಣುವೊಂದರಿಂದ ಹಿಂದಿನ ವರ್ಷವಷ್ಟೇ ಪಡೆದ ಮದ್ದು ಅದು. ಅವರು ಅದನ್ನು ಕೊಡಹೊರಟಿದ್ದು ಸ್ಕ್ರಬ್ ಟೈಫಸ್ ರೋಗಿಗಳಿಗೆ, ಎಂದರೆ ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಚ್ಚಿ ಜ್ವರ ಬಂದವರಿಗೆ. ಆದರೆ ಸ್ಕ್ರಬ್ ಟೈಫಸ್ ಎಂದುಕೊಂಡು ಔಷಧ ಕೊಟ್ಟವರಲ್ಲಿ ಟೈಫಾಯ್ಡ್ ರೋಗಿಯೂ ಇದ್ದದ್ದು ಆಮೇಲೆ ಗೊತ್ತಾಯಿತು. ಆ ರೋಗಿಯ ಜ್ವರವೂ ಇಳಿದಿತ್ತು. ಆಮೇಲೆ ಬೇಕೆಂದೇ ಟೈಫಾಯ್ಡ್ ರೋಗಿಗಳಿಗೆ ಕೊಟ್ಟು ನೋಡಿದರು. ವಾರಗಟ್ಟಲೆ ಬಿಡದ ಜ್ವರ ಮೂರು ನಾಲ್ಕು ದಿನಗಳಲ್ಲಿ ಬಿಟ್ಟಿತು. ಅಲ್ಲಿಯವರೆಗೆ ನೂರು ರೋಗಿಗಳಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತಿದ್ದ ವಿಷಮಶೀತ ಜ್ವರಕ್ಕೆ ಮೊದಲ ಬಾರಿಗೆ ನಿಜವಾದ ಮದ್ದು ಸಿಕ್ಕಿದ್ದು ಹೀಗೆ.

ಈ ಎರಡು ಜ್ವರಗಳ ಗೊಂದಲ ಸಾಗರ, ಹೊಸನಗರ, ತೀರ್ಥಹಳ್ಳಿಯ ವೈದ್ಯರಿಗೆ ಇಂದಿಗೂ ಎದುರಾಗುತ್ತದೆ. ಮಲೆನಾಡಿನಲ್ಲಿ ಒಂದು ವಾರ ದಾಟಿದ ಜ್ವರ ಎಂದರೆ ಅದು ಸ್ಕ್ರಬ್ ಟೈಫಸ್ ಆಗಿರಬಹುದು, ಗದ್ದೆ ಕೆಲಸದವರಿಗೆ ಬರುವ ಇಲಿಜ್ವರ ಆಗಿರಬಹುದು, ಡೆಂಗಿ ಅಥವಾ ಮಲೇರಿಯಾ ಆಗಿರಬಹುದು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯಂತೂ ಈ ಮೂರೂ ತಾಲ್ಲೂಕುಗಳಲ್ಲಿ ಬೇರು ಬಿಟ್ಟಿದೆ. ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ, ಸೊಪ್ಪು ಸೌದೆಗೆಂದು ಕಾಡಿಗೆ ಹೋದವರಿಗೆ, ಮೈಕೈ ಮುರಿಯುವ ನೋವಿನೊಂದಿಗೆ ಒಮ್ಮೆಲೇ ಬರುತ್ತದೆ. ಟೈಫಾಯ್ಡ್ ಹಾಗಲ್ಲ. ಅದು ಮೆಲ್ಲಗೆ ಏರುತ್ತದೆ. ಮೊದಲ ದಿನ ಸಂಜೆ ಮೈ ಬೆಚ್ಚಗಾಗುತ್ತದೆ, ಮರುದಿನ ಸಂಜೆ ಇನ್ನಷ್ಟು ಏರುತ್ತದೆ, ಐದಾರು ದಿನಗಳಲ್ಲಿ 103 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಜೊತೆಗೆ ತಲೆನೋವು, ಬಿಳಿ ಲೇಪ ಕಟ್ಟಿದ ನಾಲಗೆ ಮತ್ತು ಹೊಟ್ಟೆಯ ಬಲಗೆಳಭಾಗದಲ್ಲಿ ಮಂದವಾದ ನೋವು. ದೊಡ್ಡವರಿಗೆ ಭೇದಿಗಿಂತ ಮಲಬದ್ಧತೆಯೇ ಹೆಚ್ಚು.

ಆ ನೋವು ಅಲ್ಲಿಯೇ ಏಕೆ ಬರುತ್ತದೆ ಎಂಬುದನ್ನು ತಿಳಿದರೆ ಚಿಕಿತ್ಸೆಯ ಮುಕ್ಕಾಲು ಪಾಲು ಅರ್ಥವಾದಂತೆ. ಕಲುಷಿತ ನೀರು ಅಥವಾ ಆಹಾರದೊಡನೆ ಒಳಹೊಕ್ಕ ಸಾಲ್ಮೊನೆಲ್ಲಾ ಟೈಫಿ ಬ್ಯಾಕ್ಟೀರಿಯಾ ಸಣ್ಣ ಕರುಳಿನ ಕೊನೆಯ ಭಾಗದಲ್ಲಿರುವ, ಪೇಯರ್ ತೇಪೆಗಳೆಂದು ಕರೆಯುವ ರಕ್ಷಣಾ ಗ್ರಂಥಿಗಳಿಗೆ ನುಗ್ಗುತ್ತದೆ. ಅಲ್ಲಿಂದ ರಕ್ತಕ್ಕೆ ಸೇರಿ ಯಕೃತ್ತು, ಗುಲ್ಮ, ಅಸ್ಥಿಮಜ್ಜೆ, ಪಿತ್ತಕೋಶಗಳಲ್ಲಿ ನೆಲೆಸುತ್ತದೆ. ಪಿತ್ತದ ಮೂಲಕ ಮತ್ತೆ ಕರುಳಿಗೆ ಇಳಿದು ಅದೇ ಗ್ರಂಥಿಗಳ ಮೇಲೆ ಎರಡನೇ ಸಲ ಎರಗುತ್ತದೆ. ಔಷಧವಿಲ್ಲದಿದ್ದರೆ ಮೊದಲ ವಾರ ಆ ಗ್ರಂಥಿಗಳು ಊದಿಕೊಳ್ಳುತ್ತವೆ, ಎರಡನೇ ವಾರ ಕೊಳೆಯುತ್ತವೆ, ಮೂರನೇ ವಾರ ಆ ಕೊಳೆತ ಭಾಗ ಕಳಚಿ ಹುಣ್ಣಾಗುತ್ತದೆ, ನಾಲ್ಕನೇ ವಾರ ಮಾಯಲು ಶುರುವಾಗುತ್ತದೆ. ಹುಣ್ಣು ಬಿದ್ದ ಜಾಗದಲ್ಲಿ ಕರುಳಿನ ಗೋಡೆ ತೀರಾ ತೆಳ್ಳಗಾಗಿರುತ್ತದೆ. ರಕ್ತಸ್ರಾವವಾಗುವುದು, ತೂತು ಬೀಳುವುದು ಹೆಚ್ಚಾಗಿ ಈ ಮೂರನೇ ವಾರದಲ್ಲೇ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಿ. ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಜುಲೈ ಮಳೆಯಲ್ಲಿ ಇಪ್ಪತ್ತನಾಲ್ಕರ ಯುವಕನಿಗೆ ಜ್ವರ ಬಂದಿದೆ. ಮನೆಗೆ ನೀರು ತೆರೆದ ಬಾವಿಯದ್ದು, ಶೌಚದ ಗುಂಡಿ ಅದಕ್ಕಿಂತ ಮೇಲಿನ ದಿಬ್ಬದಲ್ಲಿ. ಜಂಬಿಟ್ಟಿಗೆ ಮಣ್ಣಿನಲ್ಲಿ ಸಂದುಗಳು ಹೆಚ್ಚು, ಮಳೆಗಾಲದಲ್ಲಿ ಗುಂಡಿಯ ನೀರು ಬಾವಿಗೆ ಇಳಿಯುವುದಕ್ಕೆ ಕಷ್ಟವಿಲ್ಲ. ಮೂರನೇ ದಿನ ಮೆಡಿಕಲ್ ಶಾಪಿನಿಂದ ಪ್ಯಾರಾಸಿಟಮಾಲ್ ಜೊತೆಗೆ ಅಜಿತ್ರೊಮೈಸಿನ್‌ನ ಮೂರು ಮಾತ್ರೆಗಳ ಪಟ್ಟಿ ತರುತ್ತಾರೆ. ಗಂಟಲುನೋವಿಗೆ ಸಾಕಾಗುವ ಆ ಪ್ರಮಾಣ ಟೈಫಾಯ್ಡ್‌ಗೆ ಸಾಲದು. ಟೈಫಾಯ್ಡ್‌ಗೆ ಅದೇ ಔಷಧವನ್ನು ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ದಿನಕ್ಕೆ ಒಂದು ಗ್ರಾಂ ಮೀರದಂತೆ, ಸಾಮಾನ್ಯವಾಗಿ ಏಳು ದಿನ ಕೊಡುತ್ತಾರೆ. ಜ್ವರ ಸ್ವಲ್ಪ ತಗ್ಗಿ ಮತ್ತೆ ಏರುತ್ತದೆ. ಒಂಬತ್ತನೇ ದಿನ ತಾಲ್ಲೂಕು ಆಸ್ಪತ್ರೆಗೆ ಬರುತ್ತಾನೆ.

ಇಲ್ಲಿ ಮೊದಲ ತೊಡಕು ಪರೀಕ್ಷೆಯದ್ದು. 1896ರಲ್ಲಿ ಫ್ರಾನ್ಸಿನ ವಿಡಾಲ್ ರೂಪಿಸಿದ ರಕ್ತಪರೀಕ್ಷೆಯನ್ನೇ ನಮ್ಮ ಊರುಗಳ ಬಹುತೇಕ ಲ್ಯಾಬುಗಳು ಇಂದಿಗೂ ಮಾಡುತ್ತವೆ. ಅದು ನೋಡುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ಕಟ್ಟಿದ ಪ್ರತಿಕಾಯಗಳನ್ನು. ಟೈಫಾಯ್ಡ್ ನೆಲೆಸಿರುವ ಪ್ರದೇಶದಲ್ಲಿ ಹಿಂದೆಂದೋ ತಗಲಿದ ಸೋಂಕಿನ ಪ್ರತಿಕಾಯಗಳೂ ಅದರಲ್ಲಿ ಕಾಣಿಸಿಕೊಳ್ಳುತ್ತವೆ. ಮೊದಲ ವಾರದಲ್ಲಿ ನಿಜವಾದ ರೋಗಿಗೂ ಅದು ನೆಗೆಟಿವ್ ಬರಬಹುದು. ವಿಡಾಲ್ ಒಂದನ್ನೇ ನಂಬಿ ಹೂಡುವ ಚಿಕಿತ್ಸೆ ಮಂಗನ ಕಾಯಿಲೆಯನ್ನೋ ಸ್ಕ್ರಬ್ ಟೈಫಸ್‌ನ್ನೋ ಮುಚ್ಚಿಹಾಕುವ ಅಪಾಯ ನಮ್ಮ ತಾಲ್ಲೂಕುಗಳಲ್ಲಿ ಉಳಿದೆಡೆಗಿಂತ ಹೆಚ್ಚು. ಖಚಿತವಾಗಿ ಹೇಳಬಲ್ಲದ್ದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಜೀವಂತ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ. ದೊಡ್ಡವರಿಂದ ಎಂಟು ಹತ್ತು ಮಿಲಿಲೀಟರ್ ರಕ್ತ ಬೇಕು, ಅದನ್ನು ಆಂಟಿಬಯಾಟಿಕ್‌ಗಿಂತ ಮೊದಲೇ ತೆಗೆಯಬೇಕು. ಆಗಲೂ ನೂರರಲ್ಲಿ ಸುಮಾರು ಅರವತ್ತು ರೋಗಿಗಳಲ್ಲಷ್ಟೇ ರೋಗಾಣು ಸಿಗುತ್ತದೆ. ನಮ್ಮ ಯುವಕ ಮನೆಯಲ್ಲಿ ನುಂಗಿದ ಮೂರು ಮಾತ್ರೆಗಳು ಆ ಸಾಧ್ಯತೆಯನ್ನೂ ತಗ್ಗಿಸಿವೆ.

ಎರಡನೇ ತೊಡಕು ಯಾವ ಔಷಧ ಎಂಬುದು. ಕ್ಲೋರಾಂಫೆನಿಕಾಲ್‌ನ ಆಳ್ವಿಕೆ ಕಾಲು ಶತಮಾನ ನಡೆಯಿತು. 1972ರಲ್ಲಿ ಅದೇ ಔಷಧಕ್ಕೆ ಬಗ್ಗದ ಟೈಫಾಯ್ಡ್ ನಮ್ಮ ಪಕ್ಕದ ಕೇರಳದ ಕೋಳಿಕೋಡಿನಲ್ಲಿ ಕಾಣಿಸಿಕೊಂಡಿತು. ಸಂಶೋಧಕರಾದ ಪಣಿಕ್ಕರ್ ಮತ್ತು ವಿಮಲಾ ಅದನ್ನು ಜಗತ್ತಿನ ಗಮನಕ್ಕೆ ತಂದರು. ಅದೇ ವರ್ಷ ಮೆಕ್ಸಿಕೊದಲ್ಲೂ ಅಂಥದೇ ಪಿಡುಗು ಹಬ್ಬಿತು. 1990ರ ಆಸುಪಾಸಿಗೆ ಭಾರತದಲ್ಲಿ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಮೂರಕ್ಕೂ ಬಗ್ಗದ ತಳಿ ಹರಡಿತು. ಆಗ ಎಲ್ಲರೂ ಸಿಪ್ರೊಫ್ಲಾಕ್ಸಸಿನ್ ಹಿಡಿದರು. ಹತ್ತು ವರ್ಷ ಕಳೆಯುವುದರೊಳಗೆ ಅದೂ ಹಲ್ಲು ಕಳೆದುಕೊಳ್ಳತೊಡಗಿತು, ಈಗ ಭಾರತದಲ್ಲಿ ಸಿಗುವ ಬಹುಪಾಲು ಟೈಫಾಯ್ಡ್ ತಳಿಗಳ ಮೇಲೆ ಅದನ್ನು ನಂಬುವಂತಿಲ್ಲ. ಇಂದು ಉಳಿದಿರುವ ಮುಖ್ಯ ಆಸರೆ ಸೂಜಿಯ ಮೂಲಕ ಕೊಡುವ ಸೆಫ್ಟ್ರಿಯಾಕ್ಸೋನ್ ಮತ್ತು ಬಾಯಿಯ ಮೂಲಕ ಕೊಡುವ ಸೆಫಿಕ್ಸಿಮ್, ಅಜಿತ್ರೊಮೈಸಿನ್. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ತಳಿ ಹರಡಿದ್ದು ನೋಡಿದರೆ ಈ ಆಸರೆಗೂ ಆಯುಸ್ಸು ಎಷ್ಟೋ ಎಂಬ ಕಳವಳ ಹುಟ್ಟುತ್ತದೆ. ಅರ್ಧಕ್ಕೆ ಬಿಟ್ಟ ಮತ್ತು ಅನಗತ್ಯವಾಗಿ ನುಂಗಿದ ಪ್ರತಿ ಪಟ್ಟಿಯೂ ಈ ಚರಿತ್ರೆಯಲ್ಲಿ ಪಾಲುದಾರ.

ಯುವಕನಿಗೆ ದಿನಕ್ಕೆ ಎರಡು ಗ್ರಾಂ ಸೆಫ್ಟ್ರಿಯಾಕ್ಸೋನ್ ಶುರುವಾಗುತ್ತದೆ. ಮೂರು ದಿನವಾದರೂ ಸಂಜೆಯ ಜ್ವರ 102ರಲ್ಲೇ ಇದೆ. ಮನೆಯವರು ಕಂಗಾಲಾಗಿ ಬೇರೆ ಆಸ್ಪತ್ರೆಯ ಮಾತೆತ್ತುತ್ತಾರೆ. ಇದು ಔಷಧದ ಸೋಲಲ್ಲ. ಟೈಫಾಯ್ಡ್ ಬ್ಯಾಕ್ಟೀರಿಯಾ ನಮ್ಮದೇ ರಕ್ಷಣಾ ಜೀವಕೋಶಗಳ ಒಳಗೆ ಅಡಗಿರುತ್ತದೆ, ಸೆಫ್ಟ್ರಿಯಾಕ್ಸೋನ್ ಆ ಕೋಶಗಳೊಳಗೆ ನಿಧಾನವಾಗಿ ತಲುಪುತ್ತದೆ. ಸರಿಯಾದ ಔಷಧ ಬಿದ್ದರೂ ಜ್ವರ ಬಿಡಲು ಐದರಿಂದ ಏಳು ದಿನ ಹಿಡಿಯುವುದು ಸಹಜ. ನೋಡಬೇಕಾದದ್ದು ಪ್ರತಿದಿನದ ಏರುಮಿತಿ ಸ್ವಲ್ಪ ಸ್ವಲ್ಪವೇ ತಗ್ಗುತ್ತಿದೆಯೇ, ರೋಗಿ ಗಂಜಿ ಕೇಳುತ್ತಿದ್ದಾನೆಯೇ ಎಂಬುದನ್ನು. ಏಳು ದಿನ ಕಳೆದರೂ ಇಳಿಯದಿದ್ದರೆ ಮಾತ್ರ ತಳಿ ಔಷಧಕ್ಕೆ ಬಗ್ಗಲಿಲ್ಲವೋ, ಎಲ್ಲೋ ಕೀವು ಕಟ್ಟಿದೆಯೋ ಅಥವಾ ಇದು ಸೆಫ್ಟ್ರಿಯಾಕ್ಸೋನ್ ಮುಟ್ಟಲಾರದ ಸ್ಕ್ರಬ್ ಟೈಫಸ್ಸೋ ಎಂದು ಮತ್ತೆ ಹುಡುಕಬೇಕು.

ಸೆಫ್ಟ್ರಿಯಾಕ್ಸೋನ್ ಶುರುವಾಗಿ ಆರು ದಿನ ಕಳೆದ ಮೇಲೆ ಜ್ವರ ಬಿಡುತ್ತದೆ. ಕಾಯಿಲೆ ಶುರುವಾಗಿ ಅಂದಿಗೆ ಹದಿನೈದು ದಿನ. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಡುವ ಆ ಹೊತ್ತಿಗೆ ಅವನ ಕರುಳು ಮೂರನೇ ವಾರಕ್ಕೆ, ಹುಣ್ಣಿನ ವಾರಕ್ಕೆ ಕಾಲಿಡುತ್ತಿದೆ. ಜ್ವರ ಇಳಿಸುವುದು ಬೇರೆ, ಕರುಳನ್ನು ಮಾಯಿಸುವುದು ಬೇರೆ ಎಂಬುದು ಕ್ಲೋರಾಂಫೆನಿಕಾಲ್ ಕಾಲದಲ್ಲೇ ಸ್ಪಷ್ಟವಾಗಿತ್ತು. ಜ್ವರ ಬಿಟ್ಟೊಡನೆ ಔಷಧ ನಿಲ್ಲಿಸಿದವರಲ್ಲಿ ಒಂದರಿಂದ ಮೂರು ವಾರಗಳೊಳಗೆ ಅದು ಮರುಕಳಿಸುತ್ತಿತ್ತು. ಅಸ್ಥಿಮಜ್ಜೆ, ಪಿತ್ತಕೋಶಗಳಲ್ಲಿ ಉಳಿದ ಬ್ಯಾಕ್ಟೀರಿಯಾ ಮತ್ತೆ ರಕ್ತಕ್ಕೆ ಇಳಿಯುವುದೇ ಅದಕ್ಕೆ ಕಾರಣ. ಚಿಕಿತ್ಸೆಯನ್ನು ಎರಡು ವಾರಕ್ಕೆ ಹಿಗ್ಗಿಸಿದ್ದು ಆ ಅನುಭವದಿಂದಲೇ. ಸೆಫ್ಟ್ರಿಯಾಕ್ಸೋನ್ ಅಥವಾ ಸೆಫಿಕ್ಸಿಮ್ ಆದರೆ ಇಂದು ಹತ್ತರಿಂದ ಹದಿನಾಲ್ಕು ದಿನ. ನಮ್ಮ ಯುವಕ ಆಸ್ಪತ್ರೆಯಿಂದ ಬಿಡುಗಡೆಯಾದರೂ ಮಾತ್ರೆಯ ರೂಪದಲ್ಲಿ ಅಷ್ಟು ದಿನಗಳನ್ನು ಪೂರೈಸಲೇಬೇಕು.

ಇನ್ನು ಊಟ. ಜ್ವರದವನಿಗೆ ಉಪವಾಸವೇ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಹೇಗೋ ಯುರೋಪಿನಲ್ಲೂ ಹಾಗೆಯೇ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ ಅದನ್ನು ವಿರೋಧಿಸಿ ಜ್ವರದ ರೋಗಿಗಳಿಗೆ ಉಣಿಸತೊಡಗಿದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ವಾರನ್ ಕೋಲ್‌ಮನ್ ಇನ್ನೂ ಮುಂದೆ ಹೋಗಿ ಹಾಲು, ಕೆನೆ, ಸಕ್ಕರೆಯಿಂದ ಹೆಚ್ಚು ಶಕ್ತಿಯ ಆಹಾರವನ್ನು ಟೈಫಾಯ್ಡ್ ರೋಗಿಗಳಿಗೆ ಕೊಟ್ಟು, ಮಾಂಸಖಂಡ ಸವೆಯುವುದನ್ನು ತಡೆಯಬಹುದೆಂದು ತೋರಿಸಿದರು. ಆಂಟಿಬಯಾಟಿಕ್ ಇನ್ನೂ ಇಲ್ಲದ ಆ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಎರಡು ವಾರ 103 ಡಿಗ್ರಿ ಜ್ವರ ಹೊತ್ತ ದೇಹ ತನ್ನ ಮಾಂಸವನ್ನೇ ಸುಟ್ಟುಕೊಳ್ಳುತ್ತದೆ. ಬರಿ ತಿಳಿಗಂಜಿಯ ಲೋಟದಲ್ಲಿ ಒಂದು ಹಿಡಿ ಅಕ್ಕಿಯೂ ಇರುವುದಿಲ್ಲ.

ಮೆದು ಆಹಾರ ಎಂದರೆ ಕಡಿಮೆ ಆಹಾರ ಎಂದಲ್ಲ. ಜ್ವರ ಜೋರಾಗಿರುವಾಗ ಉಪ್ಪು ಹಾಕಿದ ಗಂಜಿ, ಎಳನೀರು, ನೀರುಮಜ್ಜಿಗೆಯನ್ನು ಎರಡು ಮೂರು ಗಂಟೆಗೊಮ್ಮೆ ಕೊಡಬೇಕು. ಹಸಿವು ಮರಳಿದ ಮೇಲೆ ಮೆತ್ತಗೆ ಬೆಂದ ಅನ್ನಕ್ಕೆ ಹೆಸರುಬೇಳೆ ತೊವ್ವೆ, ಮೊಸರನ್ನ, ಇಡ್ಲಿ, ಚೆನ್ನಾಗಿ ಮಾಗಿದ ಬಾಳೆಹಣ್ಣು, ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಸೇರಬೇಕು. ಮಲೆನಾಡಿನ ಮಳೆಗಾಲದ ಅಡುಗೆಯಲ್ಲಿ ಕಳಲೆ, ಪತ್ರೊಡೆ, ಹಲಸಿನ ಹಪ್ಪಳ, ಖಾರದ ಮಿಡಿ ಉಪ್ಪಿನಕಾಯಿ ಹೆಚ್ಚು. ಇವನ್ನು ಔಷಧ ಮುಗಿಯುವ ತನಕವಾದರೂ, ಅದರ ಮೇಲೆ ಒಂದೆರಡು ವಾರವಾದರೂ ದೂರ ಇಡುವುದು ಮೇಲು. ಕರುಳಿಗೆ ತೂತು ಬೀಳಿಸುವುದು ಹಪ್ಪಳವಲ್ಲ, ಬ್ಯಾಕ್ಟೀರಿಯಾ ಎಬ್ಬಿಸಿದ ಉರಿಯೂತ. ಆದರೂ ನಾರಿನ ಆಹಾರ ಹೊಟ್ಟೆಯುಬ್ಬರ ತಂದು, ಹುಣ್ಣಿರುವ ಜಾಗದ ಮೇಲಿನ ಒತ್ತಡ ಹೆಚ್ಚಿಸಬಾರದೆಂಬ ಎಚ್ಚರ ಇದು. ಇದೇ ಕಾರಣಕ್ಕೆ ಮಲಬದ್ಧತೆ ಇದೆಯೆಂದು ಭೇದಿ ಮಾತ್ರೆ ನುಂಗಬಾರದು, ಎನಿಮಾ ತೆಗೆದುಕೊಳ್ಳಬಾರದು.

ಗುಣವಾದವರಲ್ಲಿ ನೂರಕ್ಕೆ ಎರಡರಿಂದ ಐದು ಜನರ ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಉಳಿಯಬಹುದು. ಅವರಿಗೆ ಜ್ವರವಿರುವುದಿಲ್ಲ, ಮಲದಲ್ಲಿ ರೋಗಾಣು ಹೋಗುತ್ತಿರುತ್ತದೆ. ಸಮಾರಂಭದ ಅಡುಗೆಯವರು, ಅಡಿಕೆ ಕೊಯ್ಲಿನ ಕಾಲದಲ್ಲಿ ಹತ್ತಾರು ಜನರಿಗೆ ಬೇಯಿಸುವವರು ಟೈಫಾಯ್ಡ್‌ನಿಂದ ಎದ್ದಿದ್ದರೆ ಒಮ್ಮೆ ಮಲ ಪರೀಕ್ಷೆ ಮಾಡಿಸಿಕೊಳ್ಳುವುದು ಎಲ್ಲರಿಗೂ ಕ್ಷೇಮ.

ಜ್ವರ ಇಳಿದ ರೋಗಿಯನ್ನು ಮನೆಗೆ ಕರೆತಂದವರು ಎರಡು ವಿಷಯಗಳನ್ನು ನೆನಪಿಡಬೇಕು. ಒಮ್ಮೆಲೇ ಹೊಟ್ಟೆನೋವು ಜೋರಾಗಿ, ಹೊಟ್ಟೆ ಗಟ್ಟಿಯಾಗಿ ಉಬ್ಬಿ, ನಾಡಿ ಓಡತೊಡಗಿದರೆ ಕರುಳಿಗೆ ತೂತು ಬಿದ್ದಿರಬಹುದು. ಮೈ ತಣ್ಣಗಾಗಿ ಮುಖ ಬಿಳಚಿ, ಮಲ ಕಪ್ಪಗೆ ಅಥವಾ ರಕ್ತದ ಬಣ್ಣಕ್ಕೆ ತಿರುಗಿದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು. ಎರಡರಲ್ಲಿ ಯಾವುದು ಕಂಡರೂ ಬಾಯಿಗೆ ಗುಟುಕು ನೀರನ್ನೂ ಕೊಡಬೇಡಿ, ಬೆಳಗಾಗಲಿ ಎಂದು ಕಾಯಬೇಡಿ. ಮಳೆಯಿದ್ದರೂ ರಾತ್ರಿಯಾದರೂ ಆಗಲೇ ವಾಹನ ಮಾಡಿಕೊಂಡು, ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗೆ ಹೊರಡಿ.